ಟಿಎ ಕರೆ ಬಂದಾಗ: ಕಾಗದ ಕೈಗೆ ಸಿಕ್ಕ ದಿನದಿಂದ ಕೆಲಸಕ್ಕೆ ವಾಪಸಾಗುವ ದಿನದವರೆಗೆ

ಟೆರಿಟೋರಿಯಲ್ ಆರ್ಮಿಯಲ್ಲಿ ಇದ್ದು ಬಂದವನು ನಾನು. ಮಂಡ್ಯದ ನಮ್ಮ ಮನೆಗೆ ಹುಡುಗರು ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕರೆ ಬಂತು, ಹೋದರು, ಸೇವೆ ಮುಗಿಸಿ ಬಂದರು. ಬಂದು ನೋಡಿದರೆ ಕಾರ್ಖಾನೆಯಲ್ಲಿ ಕೆಲಸ ಇಲ್ಲ. ವಿಚಾರಿಸಿದರೆ ತಪ್ಪು ಆಗಿರುವುದು ವಾಪಸ್ ಬಂದ ದಿನ ಅಲ್ಲ, ಹೊರಟ ದಿನ. ಹಾಗಾಗಿ ಏನನ್ನು ಯಾವಾಗ ಮಾಡಬೇಕು ಅಂತ ಕ್ರಮವಾಗಿ ಬರೆದಿಟ್ಟಿದ್ದೇನೆ. ಟಿಎಗೆ ಸೇರುವುದು ಹೇಗೆ ಅಂತ ಇಲ್ಲಿ ಇಲ್ಲ. ಈಗಾಗಲೇ ಸೇರಿರುವವರಿಗೆ ಮತ್ತು ಅವರ ಮನೆಯವರಿಗೆ ಇದು.

## ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ನಮ್ಮ ಕಡೆ 'ರಿಸರ್ವ್' ಅಂದರೆ ಜನ ಹತ್ತು ಥರ ತಿಳಿದುಕೊಳ್ಳುತ್ತಾರೆ. ಮೈಸೂರಿನಲ್ಲಿರುವ ಕೆಎಸ್‌ಆರ್‌ಪಿ ಬೆಟಾಲಿಯನ್ ಹೆಸರಲ್ಲೂ ರಿಸರ್ವ್ ಇದೆ, ಜಿಲ್ಲೆಯ ಡಿಎಆರ್ ಹೆಸರಲ್ಲೂ ಇದೆ. ಅವೆರಡೂ ಪೂರ್ತಿ ಸಮಯದ ಪೊಲೀಸ್ ಕೆಲಸ. ಹೋಂ ಗಾರ್ಡ್ ರಾಜ್ಯ ಸರ್ಕಾರದ್ದು. ಎನ್‌ಸಿಸಿ ಬರೀ ತರಬೇತಿ, ಅಲ್ಲಿಂದ ಯಾರನ್ನೂ ಯುದ್ಧಕ್ಕೆ ಕರೆಯುವುದಿಲ್ಲ.

ಸೇನೆಗೆ ಸಂಬಂಧಪಟ್ಟದ್ದು ಎರಡೇ. ಒಂದು, ಸೇನೆಯಲ್ಲಿ ಕೆಲಸ ಮಾಡಿ ಬಿಡುಗಡೆ ಆದ ಮೇಲೂ ಕೆಲವು ವರ್ಷ ಕರೆದರೆ ಬರಬೇಕಾದವರು. ಇವರಿಗೆ 1888ರ ರಿಸರ್ವ್ ಫೋರ್ಸಸ್ ಕಾಯಿದೆ ಅನ್ವಯಿಸುತ್ತದೆ. ನಿಮ್ಮ ಮೇಲೆ ಆ ಹೊಣೆ ಇನ್ನೂ ಇದೆಯಾ ಅಂತ ನಿಮ್ಮ ಡಿಸ್ಚಾರ್ಜ್ ಬುಕ್ ನೋಡಿಕೊಳ್ಳಿ. ಎರಡನೆಯದು ಟಿಎ. ಇದು 1948ರ ಟೆರಿಟೋರಿಯಲ್ ಆರ್ಮಿ ಕಾಯಿದೆ ಪ್ರಕಾರ ನಡೆಯುತ್ತದೆ. ಹೊರಗೆ ಬೇರೆ ಕೆಲಸ ಇಟ್ಟುಕೊಂಡು, ವರ್ಷಕ್ಕೆ ಒಂದಷ್ಟು ದಿನ ಕ್ಯಾಂಪ್ ಮಾಡಿ, ಕರೆದಾಗ ಸಮವಸ್ತ್ರ ಹಾಕುವವರು ಇವರು. ರೈಲ್ವೆ, ತೈಲ ಕಂಪನಿಗಳ ನೌಕರರಿಗೆ ಬೇರೆ ಯೂನಿಟ್‌ಗಳಿವೆ. ಉಳಿದವರಿಗೆ ಇನ್‌ಫೆಂಟ್ರಿ ಬೆಟಾಲಿಯನ್‌ಗಳು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ 106 ಪ್ಯಾರಾ ಮತ್ತು ಬೆಳಗಾವಿಯ 115 ಮಹಾರ್ ಹೆಸರು ನೀವು ಕೇಳಿರುತ್ತೀರಿ. ಇಲ್ಲಿ ಹೇಳುವುದೆಲ್ಲ ಈ ಇನ್‌ಫೆಂಟ್ರಿ ಟಿಎ ಬಗ್ಗೆ.

## ಹಂತ 1: ಕರೆ ಬರುವ ಮೊದಲೇ ಒಂದು ಫೈಲ್ ಮಾಡಿಡಿ

ಒಂದು ಪ್ಲಾಸ್ಟಿಕ್ ಫೈಲ್ ಸಾಕು. ಅದರಲ್ಲಿ ಇರಬೇಕಾದದ್ದು: ಟಿಎ ಗುರುತಿನ ಚೀಟಿ ಮತ್ತು ಎನ್‌ರೋಲ್‌ಮೆಂಟ್ ಕಾಗದಗಳ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಈಗಿನ ಕೆಲಸದ ನೇಮಕಾತಿ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ಕಿನ ಪ್ರಿಂಟ್.

ಪಿಎಫ್ ಯಾಕೆ ಅಂತೀರಾ? ಎಷ್ಟೋ ಹುಡುಗರು ದೊಡ್ಡ ಕಂಪನಿಯ ಗೇಟ್ ಒಳಗೆ ಕೆಲಸ ಮಾಡುತ್ತಾರೆ, ಆದರೆ ನೌಕರರಾಗಿರುವುದು ಗುತ್ತಿಗೆದಾರನ ಬಳಿ. ಪಾಸ್‌ಬುಕ್ಕಿನಲ್ಲಿ ಯಾರ ಹೆಸರಿದೆಯೋ ಅವರೇ ನಿಮ್ಮ ಮಾಲೀಕರು. ನಾಳೆ ಪತ್ರ ಬರೆಯಬೇಕಾದದ್ದು ಅವರಿಗೆ, ಗೇಟ್ ಮೇಲೆ ಬೋರ್ಡ್ ಇರುವವರಿಗಲ್ಲ. ಇದನ್ನು ತಿಳಿಯದೆ ತಪ್ಪು ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿ ಸುಮ್ನೆ ಕೂತವರನ್ನು ನೋಡಿದ್ದೇನೆ.

ಇನ್ನೊಂದು ಮುಖ್ಯ ವಿಷಯ ವಿಳಾಸ. ಸೇರುವಾಗ ಊರಿನ ಮನೆ ವಿಳಾಸ ಕೊಟ್ಟಿರುತ್ತೀರಿ, ಈಗ ಮೈಸೂರಿನ ಹೆಬ್ಬಾಳದಲ್ಲಿ ಬಾಡಿಗೆ ರೂಮು. ಕಾಗದ ಮದ್ದೂರಿನ ಹಳ್ಳಿಗೆ ಹೋಗುತ್ತದೆ, ಅಜ್ಜಿ ಇಸ್ಕೊಂಡು ದೇವರ ಗೂಡಿನಲ್ಲಿ ಇಡುತ್ತಾರೆ. ವಿಳಾಸ, ಮೊಬೈಲ್ ನಂಬರ್, ಮದುವೆ, ಮಕ್ಕಳು ಯಾವುದೇ ಬದಲಾವಣೆ ಆದರೂ ಯೂನಿಟ್‌ಗೆ ಬರೆದು ತಿಳಿಸಿ. ಮದುವೆಯಾಗಿ ನಾಲ್ಕು ವರ್ಷವಾದರೂ ದಾಖಲೆಯಲ್ಲಿ ನೆಕ್ಸ್ಟ್ ಆಫ್ ಕಿನ್ ಅಂತ ತಂದೆಯ ಹೆಸರೇ ಇರುತ್ತದೆ. ಏನಾದರೂ ಆದರೆ ಹೆಂಡತಿ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಕಬ್ಬು ಬೆಳೆಯುವವರಾದರೆ ಇದನ್ನೂ ನೋಡಿಕೊಳ್ಳಿ: ಕಾರ್ಖಾನೆಯಲ್ಲಿ ಕಬ್ಬಿನ ನೋಂದಣಿ ನಿಮ್ಮ ಒಬ್ಬರ ಹೆಸರಲ್ಲೇ ಇದ್ದರೆ, ಕಟಾವಿನ ಹೊತ್ತಿಗೆ ನೀವು ಎಲ್ಲಿ ಇರುತ್ತೀರೋ ಗೊತ್ತಿಲ್ಲ. ಮನೆಯಲ್ಲಿ ಇನ್ನೊಬ್ಬರು ಆ ಓಡಾಟ ಮಾಡುವಂತೆ ಮೊದಲೇ ಏರ್ಪಾಡು ಇರಲಿ.

## ಹಂತ 2: ಟಿವಿ ಸುದ್ದಿಯನ್ನೂ ಆದೇಶವನ್ನೂ ಬೇರೆ ಮಾಡಿ

2025ರ ಮೇ ತಿಂಗಳಲ್ಲಿ ಏನಾಯಿತು ನೆನಪಿದೆಯಲ್ವಾ? ಟಿಎ ನಿಯಮಗಳ 33ನೇ ನಿಯಮದ ಪ್ರಕಾರ ಕೇಂದ್ರ ಸರ್ಕಾರ ಭೂಸೇನೆಯ ಮುಖ್ಯಸ್ಥರಿಗೆ ಒಂದು ಅಧಿಕಾರ ಕೊಟ್ಟಿತು. ಟಿಎಯ ಪ್ರತಿ ಅಧಿಕಾರಿಯನ್ನೂ ಪ್ರತಿ ಸೈನಿಕನನ್ನೂ ಕರೆಸಬಹುದು ಅಂತ. ಅವತ್ತು ಸಂಜೆ ನನ್ನ ಫೋನಿಗೆ ಬಿಡುವೇ ಇರಲಿಲ್ಲ. "ಮಾಮ, ನಾಳೆನೇ ಹೊರಡಬೇಕಾ?" ಅಂತ ಒಬ್ಬನಾದ ಮೇಲೆ ಒಬ್ಬ. ಒಬ್ಬನಂತೂ ಆಗಲೇ ಕೆಲಸಕ್ಕೆ ರಜೆ ಹಾಕಿ ಬ್ಯಾಗ್ ಕಟ್ಟಿದ್ದ.

ಅದು ಅಧಿಕಾರ ಕೊಟ್ಟ ಪತ್ರ, ನಿಮ್ಮನ್ನು ಕರೆದ ಪತ್ರ ಅಲ್ಲ. ಅದೇ ಅಧಿಸೂಚನೆಯಲ್ಲಿ ಬರೆದಿತ್ತು: ಇರುವ 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ಎಂಬಾಡಿ ಮಾಡಲಾಗುವುದು, ಅಂದರೆ ಸೇವೆಗೆ ಸೇರಿಸಿಕೊಳ್ಳಲಾಗುವುದು, ಅದೂ ಬಜೆಟ್‌ನಲ್ಲಿ ದುಡ್ಡು ಇದ್ದರೆ. ಬೇರೆ ಸಚಿವಾಲಯ ಕೇಳಿ ಕರೆಸಿಕೊಂಡರೆ ಆ ಖರ್ಚು ಆ ಸಚಿವಾಲಯದ ಮೇಲೆ. ಈ ಅಧಿಕಾರದ ಅವಧಿ 2028ರ ಫೆಬ್ರವರಿ 9ರವರೆಗೆ ಇದೆ.

ಇದರಿಂದ ಕೆಲಸ ನಡೆಯುವ ಕ್ರಮ ತಿಳಿಯುತ್ತದೆ. ಮೊದಲು ಸರ್ಕಾರದ ಅಧಿಕಾರ, ಆಮೇಲೆ ಸೇನಾ ಮುಖ್ಯ ಕಚೇರಿಯಿಂದ ಇಂಥ ಬೆಟಾಲಿಯನ್ ಅಂತ ಆದೇಶ, ಕೊನೆಗೆ ನಿಮ್ಮ ಯೂನಿಟ್‌ನಿಂದ ನಿಮ್ಮ ಹೆಸರಿಗೆ ಕಾಗದ. ಮೂರನೆಯದು ಬರುವವರೆಗೆ ನೀವು ಎಂದಿನಂತೆ ಕೆಲಸಕ್ಕೆ ಹೋಗಬೇಕು. ಮೂರನೆಯದು ಬಂದ ಮೇಲೆ ಟಿವಿಯಲ್ಲಿ "ಪರಿಸ್ಥಿತಿ ತಿಳಿಯಾಗಿದೆ" ಅಂತ ಬಂದರೂ ಹೊರಡಲೇಬೇಕು. ಈ ಎರಡು ತಪ್ಪಿನಲ್ಲಿ ಎರಡನೆಯದು ಜಾಸ್ತಿ ದುಬಾರಿ.

ವಾಟ್ಸಾಪ್‌ನಲ್ಲಿ ಪಿಡಿಎಫ್ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಕ್ಯಾಂಪಿನಲ್ಲಿ ನಿಮಗೆ ಕೊಟ್ಟಿರುವ ಯೂನಿಟ್ ನಂಬರಿಗೆ ಮಾಡಿ, ಇಲ್ಲ ನಿಮ್ಮ ಕಂಪನಿಯ ಸುಬೇದಾರ್ ಸಾಹೇಬರನ್ನು ಕೇಳಿ. ಕಾಗದದಲ್ಲಿ ನಿಮ್ಮ ಆರ್ಮಿ ನಂಬರ್, ರ್ಯಾಂಕ್, ಹಾಜರಾಗಬೇಕಾದ ಜಾಗ, ದಿನಾಂಕ ಇರಬೇಕು. ನೋಂದಣಿ ಶುಲ್ಕ, ಮೆಡಿಕಲ್ ಶುಲ್ಕ ಅಂತ ಒಂದು ರೂಪಾಯಿ ಕೇಳಿದರೂ ಅದು ಮೋಸ.

## ಹಂತ 3: ಕಾಗದದಲ್ಲಿ ಯಾವ ಪದ ಇದೆ ನೋಡಿ

ಹುಡುಗರು ದಿನಾಂಕ ಮಾತ್ರ ಓದುತ್ತಾರೆ. ಅದಕ್ಕಿಂತ ಮೊದಲು ಓದಬೇಕಾದದ್ದು ಯಾವ ಬಗೆಯ ಕರೆ ಅಂತ. ಕಾಯಿದೆಯ 7ನೇ ಸೆಕ್ಷನ್ನಿನಲ್ಲಿ ಮೂರು ಬಗೆ ಇದೆ.

ಕಾಲ್ಡ್ ಔಟ್ ಅಂದರೆ ನಾಗರಿಕ ಆಡಳಿತದ ನೆರವಿಗೆ ಅಥವಾ ಮುಖ್ಯ ಸ್ಥಾವರಗಳ ಕಾವಲಿಗೆ ಕರೆಸುವುದು.

ಎಂಬಾಡಿಡ್ ಅಂದರೆ ತರಬೇತಿಗೆ, ಇಲ್ಲವೇ ಕಾಯಂ ಸೇನೆಗೆ ಬೆಂಬಲವಾಗಿ ಸೇರಿಸಿಕೊಳ್ಳುವುದು. ವರ್ಷದ ಕ್ಯಾಂಪ್ ಕೂಡ ಇದರಲ್ಲೇ ಬರುತ್ತದೆ, ಗಡಿಯಲ್ಲಿ ವರ್ಷಗಟ್ಟಲೆ ಇರುವುದೂ ಇದರಲ್ಲೇ ಬರುತ್ತದೆ. ಹಾಗಾಗಿ ಬರೀ ಈ ಪದ ನೋಡಿ ಅಂದಾಜು ಮಾಡಬೇಡಿ, ಮುಂದೆ 'ತರಬೇತಿಗೆ' ಅಂತ ಇದೆಯಾ ನೋಡಿ.

ಅಟ್ಯಾಚ್ಡ್ ಅಂದರೆ ಕಾಯಂ ಸೇನೆಯ ಒಂದು ಘಟಕದ ಜೊತೆ ಸೇರಿಸುವುದು.

ಇದು ಬರೀ ಪದದ ಆಟ ಅಲ್ಲ. ಈ ಮೂರರಲ್ಲಿ ಯಾವುದಾದರೂ ಒಂದು ಆದ ಕ್ಷಣದಿಂದ ಟಿಎ ಸೈನಿಕನಿಗೆ ಸೇನಾ ಕಾಯಿದೆ ಅನ್ವಯಿಸುತ್ತದೆ. ಅಲ್ಲಿಯವರೆಗೆ ನೀವು ಸಾಮಾನ್ಯ ನಾಗರಿಕ. "ಅಕ್ಕನ ಮದುವೆ ಇತ್ತು, ಹತ್ತು ದಿನ ಬಿಟ್ಟು ಬಂದೆ" ಅಂದರೆ ಕಾರ್ಖಾನೆಯಲ್ಲಿ ಒಂದು ಮೆಮೊ ಕೊಟ್ಟು ಬಿಡಬಹುದು. ಇಲ್ಲಿ ಅದು ಅಪ್ಪಣೆ ಇಲ್ಲದ ಗೈರುಹಾಜರಿ. 30 ದಿನ ದಾಟಿದರೆ ಕೋರ್ಟ್ ಆಫ್ ಇನ್‌ಕ್ವೈರಿ ಕೂರುತ್ತದೆ. ಆಮೇಲೂ ಬರದಿದ್ದರೆ ಓಡಿಹೋದವನು ಅಂತ ದಾಖಲಾಗುತ್ತದೆ, ಪೊಲೀಸರು ಮನೆಗೆ ಬರುತ್ತಾರೆ.

ಹಾಜರಾಗಲು ನಿಜವಾದ ತೊಂದರೆ ಇದ್ದರೆ, ಆಸ್ಪತ್ರೆ, ಆಪರೇಷನ್ ಅಂಥದ್ದು, ದಿನಾಂಕಕ್ಕೆ ಮೊದಲೇ ದಾಖಲೆ ಸಮೇತ ಯೂನಿಟ್‌ಗೆ ಬರೆಯಿರಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

## ಹಂತ 4: ಮಾಲೀಕರಿಗೆ ಪತ್ರ ಕೊಡಿ, ರಾಜೀನಾಮೆ ಕೊಡಬೇಡಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಾಯಿದೆಯ 7ಎ ಸೆಕ್ಷನ್ ಹೇಳುವುದು ಇಷ್ಟು. ಕರೆಯ ಮೇಲೆ ಸೇನಾ ಸೇವೆಗೆ ಹೋದವನನ್ನು, ಸೇವೆ ಮುಗಿದ ಮೇಲೆ ಅವನ ಮಾಲೀಕರು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕು. ಅವನು ಹೋಗದೇ ಇದ್ದಿದ್ದರೆ ಇವತ್ತು ಯಾವ ಸ್ಥಿತಿಯಲ್ಲಿ ಇರುತ್ತಿದ್ದನೋ ಅದಕ್ಕಿಂತ ಕಡಿಮೆಯಾಗಬಾರದು. ಅಂದರೆ ಮಧ್ಯೆ ಎಲ್ಲರಿಗೂ ಇನ್‌ಕ್ರಿಮೆಂಟ್ ಆಗಿದ್ದರೆ ಅವನನ್ನು ಹಳೆಯ ಸಂಬಳಕ್ಕೆ ಕೂರಿಸುವ ಹಾಗಿಲ್ಲ. ಪಿಎಫ್‌ನಂಥ ಹಕ್ಕುಗಳು ಉಳಿಯಲು 7ಬಿ ಸೆಕ್ಷನ್ ಇದೆ. ಆದರೆ ನೀವು ಗಡಿಯಲ್ಲಿ ಇರುವಷ್ಟು ದಿನ ಖಾಸಗಿ ಮಾಲೀಕರು ಸಂಬಳವನ್ನೂ ಕೊಡಬೇಕು ಅಂತ 7ಎ ಹೇಳುವುದಿಲ್ಲ. ಆ ದಿನಗಳಿಗೆ ನಿಮಗೆ ಸೇನೆಯ ಸಂಬಳ ಬರುತ್ತದೆ.

ರಾಜೀನಾಮೆ ಕೊಟ್ಟುಬಿಟ್ಟರೆ ವಾಪಸ್ ತೆಗೆದುಕೊಳ್ಳಲು ಅಲ್ಲಿ ಕೆಲಸವೇ ಉಳಿದಿರುವುದಿಲ್ಲ. ನಮ್ಮ ಅಕ್ಕನ ಮಗನಿಗೆ ಆದದ್ದೇ ಇದು. ಮೈಸೂರಿನ ಒಂದು ಕಾರ್ಖಾನೆಯಲ್ಲಿ ಮಷಿನ್ ಆಪರೇಟರ್. ಕರೆ ಬಂತು ಅಂತ ಎಚ್‌ಆರ್ ಹತ್ತಿರ ಹೋದ. ಅವರು ತುಂಬ ಒಳ್ಳೆಯ ಮಾತಿನಲ್ಲಿ, "ಒಂದು ಫಾರ್ಮಾಲಿಟಿ ಅಷ್ಟೇ, ರಿಸೈನ್ ಮಾಡಿ ಹೋಗಿ, ಬಂದ ಮೇಲೆ ನಾವಿದ್ದೀವಿ" ಅಂದರು. ಕಾಫಿ ಕೊಟ್ಟು, ಟೈಪ್ ಮಾಡಿಟ್ಟಿದ್ದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಹನ್ನೊಂದು ತಿಂಗಳಾದ ಮೇಲೆ ಬಂದಾಗ ಆ ಎಚ್‌ಆರ್ ಬದಲಾಗಿದ್ದರು, ಮಷಿನ್ ಮುಂದೆ ಬೇರೆ ಹುಡುಗ ನಿಂತಿದ್ದ, ಫೈಲಿನಲ್ಲಿ "ಸ್ವಂತ ಕಾರಣದಿಂದ" ಅಂತ ಇವನದೇ ಸಹಿ. ಕಾಯಿದೆ ಇವನ ಪರ ಇತ್ತು, ಕಾಗದ ಇರಲಿಲ್ಲ.

ಹಾಗಾಗಿ ಕಾಗದ ಬಂದ ದಿನವೇ ಇಂಥ ಒಂದು ಪತ್ರ ಬರೆಯಿರಿ:

> ಗೆ: ವ್ಯವಸ್ಥಾಪಕರು, (ಪಿಎಫ್ ದಾಖಲೆಯಲ್ಲಿರುವ ಸಂಸ್ಥೆಯ ಹೆಸರು)
> ವಿಷಯ: ಟೆರಿಟೋರಿಯಲ್ ಆರ್ಮಿ ಸೇವೆಗೆ ಕರೆ ಬಂದಿರುವ ಬಗ್ಗೆ
> ನಾನು ತಮ್ಮಲ್ಲಿ ............ ರಿಂದ ............ ಹುದ್ದೆಯಲ್ಲಿ ಇದ್ದೇನೆ. ನೌಕರ ಸಂಖ್ಯೆ ............ . ದಿನಾಂಕ ............ ರ ಆದೇಶದಂತೆ ನಾನು ............ ರಂದು ಸೇನಾ ಸೇವೆಗೆ ಹಾಜರಾಗಬೇಕಿದೆ. ಆದೇಶದ ಪ್ರತಿ ಲಗತ್ತಿಸಿದ್ದೇನೆ. ನಾನು ರಾಜೀನಾಮೆ ಕೊಡುತ್ತಿಲ್ಲ. ಟೆರಿಟೋರಿಯಲ್ ಆರ್ಮಿ ಕಾಯಿದೆ 1948ರ 7ಎ ಸೆಕ್ಷನ್ ಪ್ರಕಾರ, ಸೇವೆ ಮುಗಿದ ಕೂಡಲೇ ಇದೇ ಕೆಲಸಕ್ಕೆ ಹಾಜರಾಗುತ್ತೇನೆ.

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ, ಹತ್ತಿರದ ಅಂಚೆ ಕಚೇರಿಯಿಂದ ಸ್ವೀಕೃತಿ ಚೀಟಿ ಸಮೇತ ಕಳಿಸಿ. ಜೊತೆಗೆ ಅದೇ ಪತ್ರದ ಫೋಟೊವನ್ನು ಇಮೇಲ್ ಮಾಡಿ. ವಾಪಸ್ ಬಂದ ಸ್ವೀಕೃತಿ ಚೀಟಿಯನ್ನು ಫೈಲಿಗೆ ಹಾಕಲು ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ.

ಎಚ್ಚರಿಕೆಯ ಗುರುತುಗಳು ಇವು: "ಸಂಬಳವಿಲ್ಲದ ರಜೆ ಅಂತ ನೀವೇ ಬರೆದುಕೊಡಿ, ಸೇನೆ ಅಂತ ಬರೆಯಬೇಡಿ" ಅನ್ನುವುದು. ಖಾಲಿ ಹಾಳೆಗೆ ಸಹಿ ಕೇಳುವುದು. ಕರೆಯ ಸುದ್ದಿ ತಿಳಿದ ವಾರದಲ್ಲೇ "ಕೆಲಸ ಸರಿಯಿಲ್ಲ" ಅಂತ ನೋಟಿಸ್ ಕೊಡುವುದು. ಕೊನೆಯದಕ್ಕೆ ಕಾಯಿದೆಯಲ್ಲೇ ಉತ್ತರ ಇದೆ. ಆದೇಶ ಹೊರಟ ಮೇಲೆ ಕೆಲಸದಿಂದ ತೆಗೆದರೆ, ಹೊಣೆ ತಪ್ಪಿಸಿಕೊಳ್ಳಲೆಂದೇ ತೆಗೆದರು ಅಂತ ಭಾವಿಸಲಾಗುತ್ತದೆ. ಅಲ್ಲ ಅಂತ ತೋರಿಸಿಕೊಡುವ ಭಾರ ಮಾಲೀಕರದ್ದು. ಆದರೆ ಆದೇಶದ ದಿನಾಂಕ, ನೀವು ಪತ್ರ ಕೊಟ್ಟ ದಿನಾಂಕ, ತೆಗೆದ ದಿನಾಂಕ ಮೂರೂ ನಿಮ್ಮ ಕೈಯಲ್ಲಿ ಇರಬೇಕು.

ಅಂಗಡಿ, ಆಟೊ, ಬೇಸಾಯ ಇರುವವರಿಗೆ ಈ ರಕ್ಷಣೆ ಇಲ್ಲ. ವಾಪಸ್ ತೆಗೆದುಕೊಳ್ಳಲು ಅಲ್ಲಿ ಮಾಲೀಕರೇ ಇಲ್ಲವಲ್ಲ.

## ಹಂತ 5: ಹೊರಡುವ ದಿನ

ಇದು ದೊಡ್ಡ ವಿಷಯವೇನಲ್ಲ. ಮೂಲ ಗುರುತಿನ ಚೀಟಿ, ಕರೆ ಕಾಗದ, ಬ್ಯಾಂಕ್ ವಿವರ, ಯೂನಿಟ್ ಕೊಟ್ಟ ಕಿಟ್. ಮಂಡ್ಯದಿಂದ ಬೆಳಗಾವಿಗೆ ಸುಮಾರು 500 ಕಿ.ಮೀ. ಆಗುತ್ತದೆ, ಒಂದು ದಿನ ಮೊದಲೇ ತಲುಪುವ ಹಾಗೆ ಹೊರಡಿ.

ಅಲ್ಲಿ ಮೊದಲು ನಡೆಯುವುದು ಮೆಡಿಕಲ್. ಕ್ಯಾಂಪ್ ಮುಗಿದು ಹತ್ತು ತಿಂಗಳು ಮನೆಯಲ್ಲಿದ್ದವರ ಹೊಟ್ಟೆ, ಬಿಪಿ, ಸಕ್ಕರೆ ಎಲ್ಲ ಇಲ್ಲಿ ಬಯಲಾಗುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಎತ್ತರದ ಜಾಗಕ್ಕೆ ಕಳಿಸಿದ ಮೇಲೆ ತಿಳಿಯುವುದಕ್ಕಿಂತ ಯೂನಿಟ್‌ನಲ್ಲೇ ತಿಳಿಯುವುದು ವಾಸಿ.

## ಹಂತ 6: ಸೇವೆಯಲ್ಲಿರುವಾಗ ದಿನ ಲೆಕ್ಕ ಇಡಿ

ಎಂಬಾಡಿ ಆಗಿರುವಷ್ಟು ದಿನ ಅದೇ ರ್ಯಾಂಕಿನ ಕಾಯಂ ಸೈನಿಕನಿಗೆ ಇರುವ ಸಂಬಳ ಭತ್ಯೆಯೇ ನಿಮಗೂ. ಡಿಸ್‌ಎಂಬಾಡಿ ಆದ ದಿನ, ಅಂದರೆ ಸೇವೆ ಮುಗಿಸಿ ಬಿಟ್ಟು ಕಳಿಸಿದ ದಿನ, ಅದು ನಿಲ್ಲುತ್ತದೆ. ಈ ಸಂಬಳ ನೋಡಿ ಟ್ರ್ಯಾಕ್ಟರ್ ಸಾಲ, ಸೈಟಿನ ಸಾಲ ಮಾಡಿದವರನ್ನು ಕಂಡಿದ್ದೇನೆ. ಕಂತು ಐದು ವರ್ಷದ್ದು, ಎಂಬಾಡಿಮೆಂಟ್ ಯಾವತ್ತು ಮುಗಿಯುತ್ತದೋ ಯಾರಿಗೂ ಗೊತ್ತಿಲ್ಲ. ನಿಮ್ಮ ಹೊರಗಿನ ಕೆಲಸದ ಸಂಬಳದಲ್ಲಿ ಕಟ್ಟಲಾಗದ ಕಂತನ್ನು ಒಪ್ಪಿಕೊಳ್ಳಬೇಡಿ.

ಪಿಂಚಣಿ ಬಗ್ಗೆಯೂ ಇದೇ ಭ್ರಮೆ. ಸೈನಿಕರಿಗೆ 15 ವರ್ಷ ಎಂಬಾಡಿಡ್ ಸೇವೆ ಆಗಿದ್ದರೆ ಮಾತ್ರ ಪಿಂಚಣಿ, ಅಧಿಕಾರಿಗಳಿಗೆ 20 ವರ್ಷ. ಸೇರಿ 15 ವರ್ಷ ಆಯಿತು ಅನ್ನುವುದು ಬೇರೆ ಲೆಕ್ಕ. ವರ್ಷಕ್ಕೆ ಎರಡು ತಿಂಗಳ ಕ್ಯಾಂಪ್ ಒಂದನ್ನೇ ಕೂಡಿಸುತ್ತಾ ಹೋದರೆ ಆರು ವರ್ಷಕ್ಕೆ ಒಂದು ವರ್ಷ, 15 ವರ್ಷ ತುಂಬಲು 90 ವರ್ಷ ಬೇಕು! ಹಾಗಾಗಿ ಒಂದೊಂದು ಎಂಬಾಡಿಮೆಂಟ್‌ಗೂ ಬೆಲೆ ಇದೆ.

ಆ ದಿನಗಳು ದಾಖಲಾಗುವುದು ಪಾರ್ಟ್ 2 ಆರ್ಡರ್‌ನಲ್ಲಿ. ಯಾವ ದಿನ ಎಂಬಾಡಿ, ಯಾವ ದಿನ ಡಿಸ್‌ಎಂಬಾಡಿ, ಮದುವೆ, ಮಗು ಹುಟ್ಟಿದ್ದು, ಎಲ್ಲ. ಹಾಜರಾದ ತಿಂಗಳಲ್ಲೇ ಆಫೀಸಿನಲ್ಲಿ ನಿಮ್ಮ ಪಾರ್ಟ್ 2 ಆರ್ಡರ್ ಆಗಿದೆಯಾ ಕೇಳಿ, ನಂಬರ್ ಮತ್ತು ದಿನಾಂಕವನ್ನು ಡೈರಿಯಲ್ಲಿ ಬರೆದುಕೊಳ್ಳಿ. ಹನ್ನೆರಡು ವರ್ಷ ಬಿಟ್ಟು ಹುಡುಕುವಾಗ ಆ ಎರಡು ಸಾಲೇ ದಾರಿ ತೋರಿಸುತ್ತವೆ.

## ಹಂತ 7: ವಾಪಸ್ ಕೆಲಸಕ್ಕೆ

ಯೂನಿಟ್‌ನಿಂದ ಹೊರಡುವಾಗ ಡಿಸ್‌ಎಂಬಾಡಿಮೆಂಟ್ ಕಾಗದ ಕೈಯಲ್ಲಿ ಇರಲಿ. "ಆಮೇಲೆ ಪೋಸ್ಟಿನಲ್ಲಿ ಬರುತ್ತೆ" ಅಂದರೂ ಇಂಥ ದಿನದಿಂದ ಇಂಥ ದಿನದವರೆಗೆ ಸೇವೆಯಲ್ಲಿದ್ದರು ಅಂತ ಒಂದು ಪ್ರಮಾಣಪತ್ರವಾದರೂ ಬರೆಸಿಕೊಳ್ಳಿ.

ಈ ಕ್ರಮ ಪಾಲಿಸಿದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಕೆ.ಎಂ. ದೊಡ್ಡಿ ಕಡೆಯವನು, ಗುತ್ತಿಗೆದಾರನ ಬಳಿ ಎಲೆಕ್ಟ್ರಿಷಿಯನ್. ಹೊರಡುವಾಗ ಪಿಎಫ್ ನೋಡಿ ಗುತ್ತಿಗೆದಾರನಿಗೇ ಪತ್ರ ಕೊಟ್ಟು ಸೀಲು ಹಾಕಿಸಿಕೊಂಡಿದ್ದ. ಒಂಬತ್ತು ತಿಂಗಳ ಮೇಲೆ ಬಂದು, ಊರಲ್ಲಿ ಎರಡೇ ದಿನ ಇದ್ದು, ಮೂರನೇ ದಿನ ಬೆಳಿಗ್ಗೆ ಕೆಲಸದ ಜಾಗಕ್ಕೆ ಹೋದ. "ಈಗ ಆಳು ಬೇಡ" ಅಂದರು. ಅವನು ವಾದ ಮಾಡಲಿಲ್ಲ. ಹಾಜರಾಗಲು ಬಂದಿದ್ದೇನೆ ಅಂತ ಎರಡು ಸಾಲಿನ ಪತ್ರ, ಅದರ ಜೊತೆ ಡಿಸ್‌ಎಂಬಾಡಿಮೆಂಟ್ ಕಾಗದದ ಜೆರಾಕ್ಸ್ ಮತ್ತು ಹಳೆಯ ಸೀಲಿನ ಪ್ರತಿ ಕೊಟ್ಟು ಬಂದ. ಜೊತೆಗೆ ಯೂನಿಟ್‌ಗೆ ಬರೆದ. ಕಮಾಂಡಿಂಗ್ ಆಫೀಸರ್ ಸಹಿ ಇದ್ದ ಒಂದು ಪತ್ರ ಗುತ್ತಿಗೆದಾರನಿಗೆ ಬಂತು. ಮುಂದಿನ ತಿಂಗಳು ಅವನು ಅದೇ ಕೆಲಸದಲ್ಲಿದ್ದ, ಸೈಟ್ ಮಾತ್ರ ಬೇರೆ.

ಪತ್ರಕ್ಕೂ ಜಗ್ಗದಿದ್ದರೆ, ಕಾಯಿದೆ ಪ್ರಕಾರ ಗೊತ್ತುಮಾಡಿದ ಪ್ರಾಧಿಕಾರದ ಮುಂದೆ ದೂರು ಒಯ್ಯಬೇಕು. ಅದನ್ನೂ ಯೂನಿಟ್ ಮೂಲಕವೇ ಕೇಳಿ. ಪ್ರಾಧಿಕಾರ ಮೂರರಲ್ಲಿ ಒಂದು ಮಾಡಬಹುದು: ಮಾಲೀಕರಿಗೆ ವಿನಾಯಿತಿ ಕೊಡಬಹುದು, ಕೆಲಸಕ್ಕೆ ತೆಗೆದುಕೊಳ್ಳಿ ಅನ್ನಬಹುದು, ಇಲ್ಲವೇ ಪರಿಹಾರ ಕೊಡಿಸಬಹುದು. ಪರಿಹಾರ ಹೆಚ್ಚೆಂದರೆ ಕೊನೆಯ ಸಂಬಳದ ಲೆಕ್ಕದಲ್ಲಿ ಆರು ತಿಂಗಳದ್ದು. ಕಾರ್ಖಾನೆಯೇ ಮುಚ್ಚಿಹೋಗಿದ್ದರೆ ವಿನಾಯಿತಿ ಸಿಗುವ ಸಾಧ್ಯತೆ ಇದೆ, ಅಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ವಾಪಸ್ ಬಂದ ಮೇಲೆ "ಸ್ವಲ್ಪ ಸುಧಾರಿಸಿಕೊಳ್ಳೋಣ" ಅಂತ ಎರಡು ತಿಂಗಳು ಊರಲ್ಲಿ ಕೂರಬೇಡಿ. ತಡ ಮಾಡಿದಷ್ಟೂ "ಅವನಿಗೇ ಕೆಲಸ ಬೇಕಿರಲಿಲ್ಲ" ಅನ್ನಲು ಅವರಿಗೆ ದಾರಿಯಾಗುತ್ತದೆ. ಹಾಜರಾದ ದಿನದ ಪತ್ರಕ್ಕೂ ಸೀಲು ಹಾಕಿಸಿಕೊಂಡು ಅದೇ ಫೈಲಿಗೆ ಸೇರಿಸಿ, ಮುಂದಿನ ಕ್ಯಾಂಪಿನ ದಿನಾಂಕ ಬಂದಾಗ ಮತ್ತೆ ಅದೇ ಫೈಲ್ ತೆಗೆಯಬೇಕು.